ಸರಾಸರಿ ವ್ಯಕ್ತಿಗೆ 500 ವರ್ಷಕ್ಕೊಮ್ಮೆ ದರೋಡೆ? ಲೆಫ್ಟ್ ರಿಯಲಿಸಂ ಬಗ್ಗೆ ಒಂದು ಪ್ರಶ್ನೆ

ಮಂಜುನಾಥ್ ಬಿ.

ಎಲ್ಲರಿಗೂ ನಮಸ್ಕಾರ. ಸಮಾಜಶಾಸ್ತ್ರ ಎಂ.ಎ. ಓದುತ್ತಿದ್ದೇನೆ. ಸೆಮಿನಾರ್‌ಗೆ ಲೆಫ್ಟ್ ರಿಯಲಿಸಂ, ಅಂದರೆ ಅಪರಾಧವನ್ನು ನಿಜವಾದ ಸಮಸ್ಯೆ ಎಂದೇ ಎಣಿಸುವ ಎಡಪಂಥೀಯ ಅಪರಾಧಶಾಸ್ತ್ರ, ತೆಗೆದುಕೊಂಡಿದ್ದೇನೆ. ಒಂದು ಕಡೆ ತಲೆ ಓಡುತ್ತಿಲ್ಲ.

1982ರಲ್ಲಿ ಬ್ರಿಟನ್ ಸರ್ಕಾರ ಮನೆ ಮನೆಗೆ ಜನರನ್ನು ಕಳಿಸಿ, ‘ಕಳೆದ ವರ್ಷ ನಿಮಗೆ ಏನೇನಾಯಿತು’ ಎಂದು ಕೇಳಿಸಿತು. ಪೊಲೀಸರಿಗೆ ದೂರು ಕೊಡದ ಅಪರಾಧಗಳೂ ಲೆಕ್ಕಕ್ಕೆ ಬರಲಿ ಎಂದು. ಅದೇ ಮೊದಲ ಬ್ರಿಟಿಷ್ ಕ್ರೈಮ್ ಸರ್ವೆ. ಸರಾಸರಿ ವ್ಯಕ್ತಿಗೆ ದರೋಡೆ ಆಗುವುದು 500 ವರ್ಷಕ್ಕೊಮ್ಮೆ, ಮನೆ ಕಳ್ಳತನ ಆಗುವುದು 40 ವರ್ಷಕ್ಕೊಮ್ಮೆ ಎಂದು ಅದರ ವರದಿ ಹೇಳಿತು. ಹಾಗಾದರೆ ಜನ ಸುಮ್ನೆ ಹೆದರುತ್ತಿದ್ದರು ಅಂತ ತಾನೇ?

ಅಪರಾಧದ ಭಯವನ್ನು ಪತ್ರಿಕೆಗಳೂ ಸರ್ಕಾರವೂ ಸೇರಿ ಊದುತ್ತಿವೆ ಎಂದು ಆಗ ಎಡಪಂಥೀಯರೇ ಹೇಳುತ್ತಿದ್ದರು. ಅವರಿಗೆ ಈ ಅಂಕಿ ಅನುಕೂಲವೇ ಆಗಿತ್ತು. ಹೀಗಿರುವಾಗ ಲೆಫ್ಟ್ ರಿಯಲಿಸಂ ಕಟ್ಟಿದ ಜಾಕ್ ಯಂಗ್, ಜಾನ್ ಲೀ ಅವರಂಥ ಎಡಪಂಥೀಯರೇ ಇದರ ವಿರುದ್ಧ ಯಾಕೆ ನಿಂತರು?

ರವಿ ತುಮಕೂರು

ಇದು ಅಷ್ಟು ಕಷ್ಟದ್ದೇನಲ್ಲ. ಬಡತನದಿಂದ ಅಪರಾಧ ಹುಟ್ಟುತ್ತದೆ ಎಂಬುದೇ ಲೆಫ್ಟ್ ರಿಯಲಿಸಂ. ‘ಮನೆಯಲ್ಲಿ ಶಿಸ್ತಿಲ್ಲ, ಶಿಕ್ಷೆ ಸಾಲದು’ ಎಂದು ಬಲಪಂಥದವರು ಹೇಳುತ್ತಾರೆ. ಇವರು ‘ಕೆಲಸ ಕೊಡಿ, ಅಪರಾಧ ತಾನೇ ಕಡಿಮೆಯಾಗುತ್ತದೆ’ ಎನ್ನುತ್ತಾರೆ. 500 ವರ್ಷದ ಅಂಕಿ ಒಪ್ಪಿಕೊಂಡರೆ ಬಡತನ ಅಷ್ಟೇನೂ ಅಪರಾಧ ಹುಟ್ಟಿಸಿಲ್ಲ ಅಂತಾಗುತ್ತದೆ. ಅದಕ್ಕೇ ವಿರೋಧ.

ಸುಮಂಗಲಾ ಹೆಗಡೆ

ಮಂಜುನಾಥ್, ನಾನು ಈ ವಿಷಯವನ್ನು ಬಹಳ ವರ್ಷ ಪಾಠ ಮಾಡಿದ್ದೇನೆ. ನೀವು ಸಿಕ್ಕಿಕೊಂಡಿರುವುದು ಸರಿಯಾದ ಜಾಗದಲ್ಲೇ. ಆ ‘ಸರಾಸರಿ ವ್ಯಕ್ತಿ’ ಯಾರು ಎಂದು ಕೇಳಿ, ಅಲ್ಲಿಂದ ಎಲ್ಲವೂ ಬಿಚ್ಚಿಕೊಳ್ಳುತ್ತದೆ.

ಒಂದು ಸಣ್ಣ ಲೆಕ್ಕ ಹಾಕೋಣ. ಊರಿನಲ್ಲಿ ಹತ್ತು ಬೀದಿ, ಬೀದಿಗೆ ನೂರು ಮನೆ ಎಂದುಕೊಳ್ಳಿ. ಒಂದು ವರ್ಷದಲ್ಲಿ 25 ಮನೆ ಕಳ್ಳತನ ಆಯಿತು. ಸಾವಿರ ಮನೆಗೆ 25 ಎಂದರೆ, ಸರಾಸರಿ ಮನೆಗೆ 40 ವರ್ಷಕ್ಕೊಮ್ಮೆ. ಆದರೆ ಆ 25ರಲ್ಲಿ 20 ಒಂದೇ ಬೀದಿಯಲ್ಲಿ ಆಗಿದ್ದರೆ? ಆ ಬೀದಿಯವರಿಗೆ ಐದು ವರ್ಷಕ್ಕೊಮ್ಮೆ. ಉಳಿದ ಒಂಬತ್ತು ಬೀದಿಯವರಿಗೆ 180 ವರ್ಷಕ್ಕೊಮ್ಮೆ. ವರದಿಯಲ್ಲಿ ಬರೆದ ‘40’ ಎರಡೂ ಕಡೆಯವರ ಬದುಕಿಗೆ ಹೊಂದುವುದಿಲ್ಲ. ಆ ಒಂದು ಬೀದಿಯ ಹೆಂಗಸು ರಾತ್ರಿ ಬಾಗಿಲಿಗೆ ಕುರ್ಚಿ ಒತ್ತಿಟ್ಟು ಮಲಗಿದರೆ ಅದು ಹುಚ್ಚು ಭಯವಲ್ಲ, ಅವಳ ಲೆಕ್ಕ ಸರಿಯಾಗಿಯೇ ಇದೆ.

ಯಂಗ್ ಮತ್ತು ಅವರ ಜೊತೆಗಾರರು ಲಂಡನ್‌ನ ಮಿಡ್ಲ್‌ಸೆಕ್ಸ್ ಪಾಲಿಟೆಕ್ನಿಕ್‌ನಲ್ಲಿದ್ದವರು. ಇಸ್ಲಿಂಗ್ಟನ್ ಎಂಬ ಒಂದೇ ಬರೋದಲ್ಲಿ, ಅಂದರೆ ಲಂಡನ್ನಿನ ಒಂದು ಆಡಳಿತ ವಿಭಾಗದಲ್ಲಿ, ಅಲ್ಲಿನ ಕೌನ್ಸಿಲ್‌ನ ನೆರವಿನಿಂದ, ಸುಮಾರು ಎರಡು ಸಾವಿರ ಮನೆಗಳ ಸಮೀಕ್ಷೆ ಮಾಡಿದರು. ವರದಿ 1986ರಲ್ಲಿ ಬಂತು. ಹಿಂದಿನ ಒಂದು ವರ್ಷದಲ್ಲಿ ಮೂರರಲ್ಲಿ ಒಂದು ಮನೆಗೆ ಕಳ್ಳತನ, ದರೋಡೆ ಅಥವಾ ಲೈಂಗಿಕ ಹಲ್ಲೆಯಂಥ ಗಂಭೀರ ಅಪರಾಧ ತಟ್ಟಿತ್ತು. ಅಪರಾಧದ ಭಯದಿಂದಲೇ ಕತ್ತಲಾದ ಮೇಲೆ ಹೊರಗೆ ಕಾಲಿಡುವುದನ್ನು ಯಾವಾಗಲೂ ತಪ್ಪಿಸುತ್ತೇವೆ ಎಂದು ಹೇಳಿದ ಹೆಂಗಸರು ಮೂರರಲ್ಲಿ ಒಬ್ಬರಿಗಿಂತ ಹೆಚ್ಚು. ‘ಹೆಂಗಸರಿಗೆ ಕರ್ಫ್ಯೂ ಹಾಕಿದಂತಿದೆ’ ಎಂದು ಸಂಶೋಧಕರು ಹೇಳಿದರು. ನನಗೆ ಇದು ಈ ಇಡೀ ಚಿಂತನೆಯ ಜೀವಾಳ. ಬಡವರು ಅಪರಾಧ ಮಾಡುತ್ತಾರೆ ಎಂಬ ಮಾತು ಎಲ್ಲೆಲ್ಲೂ ಕೇಳುತ್ತದೆ. ಅಪರಾಧದ ಪೆಟ್ಟು ತಿನ್ನುವವರೂ ಬಡವರೇ ಎಂಬುದನ್ನು ಸರ್ಕಾರದ ಅಂಕಿಯೂ ಮುಚ್ಚಿಟ್ಟಿತ್ತು, ಹಳೆಯ ಎಡಪಂಥವೂ ನೋಡಲು ಒಪ್ಪಿರಲಿಲ್ಲ.

ರವಿ ಅವರೇ, ನಿಮ್ಮ ಮಾತಿನಲ್ಲಿ ಅರ್ಧ ಇದೆ. ಬರೀ ಬಡತನ ಎಂದರೆ ಲೆಕ್ಕ ಕೂಡುವುದಿಲ್ಲ. ಯುದ್ಧದ ನಂತರ ಬ್ರಿಟನ್‌ನಲ್ಲಿ ಜನರ ಕೈಗೆ ಹಣ ಬಂತು, ಮನೆಗಳು ಕಟ್ಟಿದರು, ನಿರುದ್ಯೋಗ ಕಡಿಮೆ ಇತ್ತು. ಅದೇ ಕಾಲದಲ್ಲಿ ಅಪರಾಧ ಏರುತ್ತಲೇ ಹೋಯಿತು. ಬಡತನವೇ ಕಾರಣವಾಗಿದ್ದರೆ ಇಳಿಯಬೇಕಿತ್ತು. ಲೀ ಮತ್ತು ಯಂಗ್ ಹಿಡಿದದ್ದು ಹೋಲಿಕೆಯ ನೋವನ್ನು. ನನ್ನ ಜೊತೆ ಅದೇ ಶಾಲೆಯಲ್ಲಿ ಓದಿದವನಿಗೆ ಕೆಲಸ ಸಿಕ್ಕಿತು, ನನಗೆ ಸಿಗಲಿಲ್ಲ, ಕಾರಣ ನನ್ನ ಮೈಬಣ್ಣ ಎಂದು ಗೊತ್ತಾದಾಗ ಹುಟ್ಟುವ ಸಿಟ್ಟು. ಆ ಸಿಟ್ಟಿಗೆ ಯೂನಿಯನ್ನು, ಪಕ್ಷ, ಕೌನ್ಸಿಲ್ ಯಾವ ದಾರಿಯೂ ಇಲ್ಲದಿದ್ದಾಗ ಅದು ಪಕ್ಕದ ಮನೆಯವರ ಮೇಲೆಯೇ ತಿರುಗಬಹುದು. ಕಡುಬಡವರೆಲ್ಲ ಕದಿಯುವುದಿಲ್ಲ, ಉಳ್ಳವರಲ್ಲಿ ಕೆಲವರು ಕದಿಯುತ್ತಾರೆ. ಎರಡಕ್ಕೂ ಈ ವಿವರಣೆಯಲ್ಲಿ ಜಾಗ ಇದೆ.

ಬಸವರಾಜ್ (ನಿವೃತ್ತ ಎ.ಎಸ್.ಐ.)

ಮೇಡಂ, ಎಲ್ಲಾ ಓದಿದೆ. ಕೊನೆಗೆ ಪೊಲೀಸರದ್ದೇ ತಪ್ಪು ಅಂತ ಹೇಳುವುದಕ್ಕೇ ಈ ಸಿದ್ಧಾಂತಗಳು ಇರುವುದು. 30 ವರ್ಷಕ್ಕಿಂತ ಜಾಸ್ತಿ ಸರ್ವಿಸ್ ಮಾಡಿದ್ದೇನೆ. ರಾತ್ರಿ ಬೀಟ್‌ನಲ್ಲಿ ನಾಲ್ಕು ಜನ ಹುಡುಗರನ್ನು ನಿಲ್ಲಿಸಿ ಜೇಬು ನೋಡದಿದ್ದರೆ ಅಪರಾಧ ಹೇಗೆ ನಿಲ್ಲುತ್ತದೆ? ಎಡಪಂಥದವರಿಗೆ ಪೊಲೀಸರು ಬೇಡ, ಆದರೆ ಅವರ ಮನೆಗೆ ಕಳ್ಳ ಬಂದಾಗ ನಾವೇ ಬೇಕು.

ಸುಮಂಗಲಾ ಹೆಗಡೆ

ಬಸವರಾಜ್ ಸರ್, ಲೆಫ್ಟ್ ರಿಯಲಿಸ್ಟರು ಪೊಲೀಸರು ಬೇಡ ಎನ್ನಲಿಲ್ಲ. ಬೇಕು ಎಂದೇ ಹೇಳಿದರು. ಅದಕ್ಕಾಗಿ ಸ್ವಂತ ಗೆಳೆಯರಿಂದಲೇ ಬೈಸಿಕೊಂಡರು. ನಿಮ್ಮನ್ನೇ ಒಂದು ಪ್ರಶ್ನೆ ಕೇಳುತ್ತೇನೆ. ನೀವು ಪತ್ತೆ ಹಚ್ಚಿದ ಕೇಸುಗಳಲ್ಲಿ ಎಷ್ಟು ನಿಮ್ಮ ಕಣ್ಣೆದುರೇ ಆದದ್ದು, ಎಷ್ಟು ಯಾರೋ ಬಂದು ಹೇಳಿದ್ದು?

ಬಸವರಾಜ್ (ನಿವೃತ್ತ ಎ.ಎಸ್.ಐ.)

ಮುಕ್ಕಾಲು ಪಾಲಿಗಿಂತ ಹೆಚ್ಚು ಮಾಹಿತಿಯಿಂದಲೇ. ಟೀ ಅಂಗಡಿಯವನು, ಆಟೋದವನು, ಪಕ್ಕದ ಮನೆಯವರು. ಬಾತ್ಮಿದಾರರಿಲ್ಲದೆ ಯಾವ ಸ್ಟೇಷನ್ನೂ ನಡೆಯುವುದಿಲ್ಲ. ಇದನ್ನು ಒಪ್ಪುತ್ತೇನೆ.

ಸುಮಂಗಲಾ ಹೆಗಡೆ

ಲೀ, ಯಂಗ್, ಅವರ ಜೊತೆ ಬರೆದ ರಿಚರ್ಡ್ ಕಿನ್ಸಿ ಮೂವರೂ ಹೇಳಿದ್ದು ಇದನ್ನೇ. ಜನ ಹೇಳಿದರೆ ಪೊಲೀಸರಿಗೆ ಯಾರನ್ನು ಹಿಡಿಯಬೇಕು ಎಂದು ಗೊತ್ತಾಗುತ್ತದೆ. ಜನ ಬಾಯಿ ಮುಚ್ಚಿದರೆ ಗೊತ್ತಾಗುವುದಿಲ್ಲ. ಆಗ ಏನು ಮಾಡುತ್ತಾರೆ? ಕಂಡ ಕಂಡ ಹುಡುಗರನ್ನೆಲ್ಲ ನಿಲ್ಲಿಸುತ್ತಾರೆ. ನಿಲ್ಲಿಸಿಕೊಂಡ ಹುಡುಗನ ಅಮ್ಮ, ಅಣ್ಣ, ಅಂಗಡಿಯವನು ಎಲ್ಲರೂ ಪೊಲೀಸರಿಂದ ದೂರ ಸರಿಯುತ್ತಾರೆ. ಮಾಹಿತಿ ಇನ್ನೂ ಕಡಿಮೆಯಾಗುತ್ತದೆ. ಆಗ ಇನ್ನೂ ಹೆಚ್ಚು ಜನರನ್ನು ನಿಲ್ಲಿಸಬೇಕಾಗುತ್ತದೆ.

ಇದು ಕಣ್ಣಿಗೆ ಕಟ್ಟುವಂತೆ ನಡೆದದ್ದು ದಕ್ಷಿಣ ಲಂಡನ್‌ನ ಬ್ರಿಕ್ಸ್‌ಟನ್‌ನಲ್ಲಿ. 1981ರ ಏಪ್ರಿಲ್ ಮೊದಲ ವಾರ ಬೀದಿ ದರೋಡೆ, ಕಳ್ಳತನ ತಡೆಯಲು ಮಫ್ತಿ ಪೊಲೀಸರನ್ನು ಬೀದಿಗಿಳಿಸಿದರು. ಕಾರ್ಯಾಚರಣೆಯ ಹೆಸರು ‘ಸ್ವಾಂಪ್ 81’. ಕೆಲವೇ ದಿನಗಳಲ್ಲಿ 943 ಜನರನ್ನು ನಿಲ್ಲಿಸಿದರು. ಅರ್ಧಕ್ಕಿಂತ ಹೆಚ್ಚು ಮಂದಿ ಕಪ್ಪು ಜನ, ಮೂರರಲ್ಲಿ ಎರಡು ಪಾಲು 21 ವರ್ಷದೊಳಗಿನವರು. ಬಂಧಿಸಿದ್ದು 118 ಜನರನ್ನು. ಆರೋಪ ಹೊರಿಸಿದ್ದು 75 ಜನರ ಮೇಲೆ. ಅದರಲ್ಲಿ ದರೋಡೆ ಆರೋಪ ಎಷ್ಟು ಗೊತ್ತೇ? ಒಂದೇ ಒಂದು.

ಏಪ್ರಿಲ್ 10ರಿಂದ 12ರವರೆಗೆ ಬ್ರಿಕ್ಸ್‌ಟನ್ ಹೊತ್ತಿ ಉರಿಯಿತು. ಲಾರ್ಡ್ ಸ್ಕಾರ್ಮನ್ ಅದೇ ವರ್ಷ ವಿಚಾರಣೆ ನಡೆಸಿ ಕೊಟ್ಟ ವರದಿಯಲ್ಲೇ ಈ ಅಂಕಿಗಳಿವೆ. ಅಪರಾಧಕ್ಕೆ ಆಗ ಮುಖ್ಯವಾಹಿನಿಯ ವಿವರಣೆ ಏನಿತ್ತೆಂದರೆ ಅವಕಾಶ ಸಿಕ್ಕಿತು, ಕದ್ದರು, ಹಾಗಾಗಿ ಬೀಗ ಗಟ್ಟಿ ಮಾಡಿ, ಗಸ್ತು ಹೆಚ್ಚಿಸಿ. ಪೊಲೀಸರೇ ಆ ಬೀದಿಯ ಸಂಬಂಧಗಳ ಒಂದು ಭಾಗ ಎಂಬುದು ಆ ಲೆಕ್ಕದಲ್ಲಿ ಇರಲೇ ಇಲ್ಲ. ಅದಕ್ಕೇ ಲೆಫ್ಟ್ ರಿಯಲಿಸ್ಟರು ನಾಲ್ಕು ಮೂಲೆಗಳನ್ನು ಒಟ್ಟಿಗೆ ನೋಡಿ ಎಂದರು: ತಪ್ಪು ಮಾಡಿದವರು, ಪೆಟ್ಟು ತಿಂದವರು, ಪೊಲೀಸರೂ ಸೇರಿದ ಸರ್ಕಾರ, ಸುತ್ತಲಿನ ಜನ. ಒಂದು ಮೂಲೆ ಬಿಟ್ಟರೂ ಅಂಕಿ ಯಾಕೆ ಏರಿತು, ಯಾಕೆ ಇಳಿಯಿತು ಎಂದು ಹೇಳಲಾಗದು.

ಫರ್ಹಾನಾ

ನಾನು ಸಮಾಜಶಾಸ್ತ್ರ ಓದಿದವಳಲ್ಲ. ಗಾರ್ಮೆಂಟ್ಸ್‌ನಲ್ಲಿ ಕ್ವಾಲಿಟಿ ಚೆಕಿಂಗ್ ಕೆಲಸ, ಬೆಂಗಳೂರು. ಸುಮಂಗಲಾ ಮೇಡಂ ಕರ್ಫ್ಯೂ ಎಂದು ಬರೆದದ್ದು ಓದಿ ಇದನ್ನು ಹೇಳಬೇಕು ಅನ್ನಿಸಿತು.

ಶಿಫ್ಟ್ ಮುಗಿಸಿ ಬಸ್‌ಸ್ಟಾಪ್‌ಗೆ ನಡೆಯುವಾಗ ಬೈಕಿನಲ್ಲಿ ಬಂದವರು ಕೈಯಿಂದ ಮೊಬೈಲ್ ಕಿತ್ತುಕೊಂಡು ಹೋದರು. ಸ್ಟೇಷನ್‌ಗೆ ಹೋದೆ. ‘ಕಳೆದುಹೋಗಿದೆ ಅಂತ ಆನ್‌ಲೈನ್‌ನಲ್ಲಿ ಹಾಕಿ, ಅಕ್ನಾಲೆಜ್‌ಮೆಂಟ್ ಬರುತ್ತೆ, ಸಿಮ್‌ಗೆ ಅದು ಸಾಕು’ ಎಂದರು. ಕಿತ್ತುಕೊಂಡದ್ದು ಸರ್ ಎಂದೆ. ಬರೆದುಕೊಳ್ಳಲಿಲ್ಲ. ನಮ್ಮ ಲೈನಿನಲ್ಲಿ ಇನ್ನಿಬ್ಬರಿಗೂ ಹೀಗೇ ಆಗಿದೆ. ಮೂವರದ್ದೂ ‘ಕಳೆದುಹೋದದ್ದು’. ಈಗ ಆ ರಸ್ತೆಯಲ್ಲಿ ಒಬ್ಬರೇ ನಡೆಯುವುದಿಲ್ಲ, ಗುಂಪು ಕೂಡುವವರೆಗೆ ಗೇಟಿನ ಹತ್ತಿರ ಕಾಯುತ್ತೇವೆ. ಸರ್ಕಾರದ ಪುಸ್ತಕದಲ್ಲಿ ನಮ್ಮ ರಸ್ತೆಯಲ್ಲಿ ಏನೂ ಆಗಿಲ್ಲ.

ಬಸವರಾಜ್ (ನಿವೃತ್ತ ಎ.ಎಸ್.ಐ.)

ತಂಗಿ ಫರ್ಹಾನಾ, ನಿಮಗೆ ಹೇಳಿದ್ದು ತಪ್ಪು. ಕಿತ್ತುಕೊಂಡು ಹೋಗುವುದು ಈಗ ಭಾರತೀಯ ನ್ಯಾಯ ಸಂಹಿತೆಯಲ್ಲಿ ಪ್ರತ್ಯೇಕ ಅಪರಾಧ, ಸೆಕ್ಷನ್ 304. ಎಫ್‌ಐಆರ್ ಮಾಡಲೇಬೇಕು. ಸ್ಟೇಷನ್‌ನಲ್ಲಿ ತೆಗೆದುಕೊಳ್ಳದಿದ್ದರೆ ಬರವಣಿಗೆಯಲ್ಲಿ ಎಸ್‌ಪಿಯವರಿಗೆ ಅಂಚೆಯಲ್ಲಿ ಕಳಿಸಬಹುದು. ಬೆಂಗಳೂರಿನಲ್ಲಾದರೆ ಡಿಸಿಪಿ. ನಾಗರಿಕ ಸುರಕ್ಷಾ ಸಂಹಿತೆ 173ನೇ ಸೆಕ್ಷನ್‌ನಲ್ಲಿ ಇದೆ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಹತ್ತಿರ ಹೋಗಬಹುದು. ಅಂಚೆ ರಸೀದಿ ಇಟ್ಟುಕೊಳ್ಳಿ.

ಸ್ಟೇಷನ್‌ನವರು ಯಾಕೆ ಹೀಗೆ ಮಾಡುತ್ತಾರೆ ಅಂದರೆ, ಕೇಸು ಜಾಸ್ತಿಯಾದರೆ ತಿಂಗಳ ಮೀಟಿಂಗ್‌ನಲ್ಲಿ ಇನ್‌ಸ್ಪೆಕ್ಟರ್ ಉತ್ತರ ಕೊಡಬೇಕು. ಪತ್ತೆಯಾಗದ ಕೇಸು ತಲೆನೋವು. ಅಂಕಿ ಕಡಿಮೆ ಇದ್ದರೆ ಸ್ಟೇಷನ್ ಚೆನ್ನಾಗಿದೆ ಅಂತ ಲೆಕ್ಕ. ಇದು ಒಳಗಿದ್ದವರಿಗೆಲ್ಲ ಗೊತ್ತು.

ಮಂಜುನಾಥ್ ಬಿ.

ಹಾಗಾದರೆ ನಮ್ಮಲ್ಲೂ ಮನೆ ಮನೆಗೆ ಹೋಗಿ ಕೇಳುವ ಸಮೀಕ್ಷೆ ಆಗಿದೆಯೇ?

ಸುಮಂಗಲಾ ಹೆಗಡೆ

ಬ್ರಿಟನ್ನಿನಲ್ಲಿ ಇರುವಂತೆ ದೇಶವ್ಯಾಪಿಯಾಗಿ ವರ್ಷ ವರ್ಷ ನಡೆಯುವುದು ನಮ್ಮಲ್ಲಿಲ್ಲ. 2017ರಲ್ಲಿ ಐಡಿಎಫ್‌ಸಿ ಇನ್‌ಸ್ಟಿಟ್ಯೂಟ್ ದೆಹಲಿ, ಮುಂಬೈ, ಚೆನ್ನೈ, ಬೆಂಗಳೂರಿನಲ್ಲಿ ಒಂದು ದೊಡ್ಡ ಸಮೀಕ್ಷೆಯ ವರದಿ ಕೊಟ್ಟಿತು. ಕಳ್ಳತನ ಆದವರಲ್ಲಿ ಎಫ್‌ಐಆರ್‌ವರೆಗೆ ತಲುಪಿದವರು ತುಂಬಾ ಕಡಿಮೆ. ಫರ್ಹಾನಾ ಹೇಳಿದ್ದು ಒಬ್ಬರ ಕಥೆಯಲ್ಲ.

ಚೇತನ್ ಎಂ.

ತಡವಾಗಿ ಸೇರುತ್ತಿದ್ದೇನೆ. ಕ್ರಿಟಿಕಲ್ ಕ್ರಿಮಿನಾಲಜಿಯಲ್ಲಿ ಸಂಶೋಧನೆ ಮಾಡಿದವನು ನಾನು. ಸುಮಂಗಲಾ ಮೇಡಂ ಹೇಳಿದ್ದರಲ್ಲಿ ಹೆಚ್ಚಿನದು ಒಪ್ಪಿಗೆ. ಆದರೆ ಲೆಫ್ಟ್ ರಿಯಲಿಸಂ ಒಂದು ಬಾಗಿಲು ತೆರೆದು ಇನ್ನೊಂದನ್ನು ಅರ್ಧ ಮುಚ್ಚಿತು ಎಂಬುದು ನನ್ನ ಅಭಿಪ್ರಾಯ.

ಸಮೀಕ್ಷೆಯವರು ಕೇಳುವುದು ‘ನಿಮಗೆ ಕಳ್ಳತನ ಆಯಿತಾ, ಹಲ್ಲೆ ಆಯಿತಾ’ ಎಂದು. ಏನು ಅಪರಾಧ ಎಂಬ ಪಟ್ಟಿ ಮೊದಲೇ ಸಿದ್ಧ. ಆ ಪಟ್ಟಿ ಮಾಡಿದವರು ಯಾರು? ಕ್ರಿಟಿಕಲ್ ಕ್ರಿಮಿನಾಲಜಿ ಶುರುವಾಗುವುದೇ ಅಲ್ಲಿಂದ.

ಒಂದು ಉದಾಹರಣೆ ಹೇಳುತ್ತೇನೆ. 1987ರ ಮಾರ್ಚ್ 6ರಂದು ಬೆಲ್ಜಿಯಂನ ಜೀಬ್ರುಗೆ ಬಂದರಿನಿಂದ ‘ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್’ ಎಂಬ ಫೆರ್ರಿ ಹೊರಟಿತು. ಕಾರುಗಳು ಹತ್ತುವ ಮುಂದಿನ ಬಾಗಿಲು ಮುಚ್ಚಿರಲಿಲ್ಲ. ನೀರು ನುಗ್ಗಿ ಹಡಗು ಮಗುಚಿತು. 193 ಜನ ಸತ್ತರು. ಬಾಗಿಲು ಮುಚ್ಚಿದೆಯೇ ಇಲ್ಲವೇ ಎಂದು ಕ್ಯಾಪ್ಟನ್‌ಗೆ ತೋರಿಸುವ ದೀಪ ಹಾಕಿಕೊಡಿ ಎಂದು ಕಂಪನಿಯ ಕ್ಯಾಪ್ಟನ್‌ಗಳು ಮೊದಲೇ ಕೇಳಿದ್ದರು. ಮೇಲಿನವರು ತಳ್ಳಿಹಾಕಿದ್ದರು. ವಿಚಾರಣಾ ವರದಿ ಕಂಪನಿಯನ್ನು ಮೇಲಿನಿಂದ ಕೆಳಗಿನವರೆಗೆ ಬೈದಿತು. ಇನ್‌ಕ್ವೆಸ್ಟ್ ಜ್ಯೂರಿ, ಅಂದರೆ ಸಾವಿನ ಕಾರಣ ತೀರ್ಮಾನಿಸುವ ಪಂಚರು, ಇದು ಕಾನೂನುಬಾಹಿರ ಕೊಲೆ ಎಂದಿತು.

1990ರಲ್ಲಿ ಕಂಪನಿಯ ಮೇಲಿನ ಮೊಕದ್ದಮೆ ನ್ಯಾಯಾಲಯದಲ್ಲಿ ಬಿದ್ದುಹೋಯಿತು. ಯಾಕೆ? ಕಂಪನಿಯನ್ನು ತಪ್ಪಿತಸ್ಥ ಎನ್ನಬೇಕಾದರೆ ಮೇಲಿನ ಒಬ್ಬ ಅಧಿಕಾರಿಯ ಮೇಲೆ ಆ ತಪ್ಪು ಪೂರ್ತಿ ನಿಲ್ಲಬೇಕು. ತಪ್ಪು ಹತ್ತು ಜನರಲ್ಲಿ ಹಂಚಿಹೋಗಿತ್ತು. ಹಾಗಾಗಿ ಯಾರದ್ದೂ ಅಲ್ಲ ಅಂತಾಯಿತು. ಬ್ರಿಟನ್‌ನಲ್ಲಿ ಒಂದು ಕಂಪನಿಗೆ ಇಂಥ ಸಾವಿಗಾಗಿ ಮೊದಲ ಸಲ ಶಿಕ್ಷೆ ಆದದ್ದು 1994ರಲ್ಲಿ. ಲೈಮ್ ಬೇಯಲ್ಲಿ ದೋಣಿ ಕಲಿಯಲು ಹೋದ ನಾಲ್ವರು ಹದಿಹರೆಯದವರು ಮುಳುಗಿ ಸತ್ತ ಪ್ರಕರಣ. ಅದು ಚಿಕ್ಕ ಕಂಪನಿ. ಮಾಲೀಕನೇ ಎಲ್ಲ ನೋಡಿಕೊಳ್ಳುತ್ತಿದ್ದ, ಅದಕ್ಕೇ ಸಿಕ್ಕಿಬಿದ್ದ. ಕಂಪನಿ ದೊಡ್ಡದಾದಷ್ಟೂ ತಪ್ಪಿಸಿಕೊಳ್ಳುವುದು ಸುಲಭ ಎಂದು ಕಾನೂನಿನ ರಚನೆಯೇ ಹೇಳುತ್ತಿತ್ತು. 2007ರಲ್ಲಿ ಹೊಸ ಕಾಯಿದೆ ಬಂತು. ಅದರಡಿ 2011ರಲ್ಲಿ ಮೊದಲು ಶಿಕ್ಷೆಯಾದದ್ದೂ ಒಂದು ಚಿಕ್ಕ ಕಂಪನಿಗೇ.

ಆ 193 ಸಾವು ಯಾವ ಕ್ರೈಮ್ ಸರ್ವೆಯಲ್ಲಿ ಇದೆ? ಸತ್ತವರ ಮನೆಗೆ ಹೋಗಿ ಕೇಳಿದರೂ ಆ ಪಟ್ಟಿಯಲ್ಲಿ ಅದಕ್ಕೆ ಕಾಲಂ ಇಲ್ಲ.

ರವಿ ತುಮಕೂರು

ಚೇತನ್, ಅಪಘಾತವನ್ನೂ ಅಪರಾಧ ಎಂದರೆ ಎಲ್ಲವೂ ಅಪರಾಧವೇ ಆಗುತ್ತದೆ. ಕದಿಯುವವನಿಗೆ ಉದ್ದೇಶ ಇರುತ್ತದೆ. ಹಡಗಿನವರಿಗೆ ಕೊಲ್ಲುವ ಉದ್ದೇಶ ಇರಲಿಲ್ಲವಲ್ಲ.

ಚೇತನ್ ಎಂ.

ಕುಡಿದು ಲಾರಿ ಓಡಿಸುವವನಿಗೂ ಕೊಲ್ಲುವ ಉದ್ದೇಶ ಇರುವುದಿಲ್ಲ, ಆದರೂ ಅವನು ಜೈಲಿಗೆ ಹೋಗುತ್ತಾನೆ. ಅಪಾಯ ಗೊತ್ತಿದ್ದೂ ಮುಂದುವರಿದದ್ದಕ್ಕೆ ಶಿಕ್ಷೆ. ಹಡಗಿನಲ್ಲೂ ಅಪಾಯ ಬರಹದಲ್ಲೇ ಮೇಲಿನವರಿಗೆ ತಲುಪಿತ್ತು.

ಇನ್ನೊಂದು ವಿಷಯ. ಪೊಲೀಸರ ಬಗ್ಗೆ ಮೇಡಂ ಬರೆದ ಭಾಗದಲ್ಲೇ ನನ್ನ ಮುಖ್ಯ ತಕರಾರಿದೆ. ಮೆಟ್ರೊಪಾಲಿಟನ್ ಪೊಲೀಸರು 1982ರಲ್ಲಿ ಬೀದಿ ದರೋಡೆಯ ಅಂಕಿಗಳನ್ನು ಜನಾಂಗದ ಲೆಕ್ಕದಲ್ಲಿ ಬಿಡುಗಡೆ ಮಾಡಿದರು. ಪತ್ರಿಕೆಗಳು ಮುಗಿಬಿದ್ದವು. ಲೀ ಮತ್ತು ಯಂಗ್ ಹೇಳಿದ್ದು ಏನು? ಪೊಲೀಸರ ಜನಾಂಗ ದ್ವೇಷ ನಿಜ, ಅದು ಅಂಕಿಯನ್ನು ಉಬ್ಬಿಸಿದೆ ನಿಜ, ಆದರೂ ಕಪ್ಪು ಯುವಕರಲ್ಲಿ ಕೆಲವು ಅಪರಾಧಗಳು ನಿಜಕ್ಕೂ ಹೆಚ್ಚಾಗಿವೆ, ಕಾರಣ ಆ ಹೋಲಿಕೆಯ ನೋವು. ಪಾಲ್ ಗಿಲ್‌ರಾಯ್ ಇದನ್ನು ಖಂಡಿಸಿದರು. ಅವರ ಪ್ರಕಾರ ಪೊಲೀಸರ ಅಂಕಿ ಪೊಲೀಸರು ಎಲ್ಲಿ ನೋಡಿದರು ಎಂದು ಹೇಳುತ್ತದೆ, ಎಲ್ಲಿ ಅಪರಾಧ ಆಯಿತು ಎಂದಲ್ಲ. ಆ ಅಂಕಿಯ ಮೇಲೆ ಸಿದ್ಧಾಂತ ಕಟ್ಟಿದರೆ ಪೊಲೀಸರ ಕಥೆಗೆ ಎಡಪಂಥದ ಮುದ್ರೆ ಒತ್ತಿದಂತಾಗುತ್ತದೆ. ಸ್ಟುವರ್ಟ್ ಹಾಲ್ ಮತ್ತು ಜೊತೆಗಾರರು 1978ರಲ್ಲೇ ‘ಪೊಲೀಸಿಂಗ್ ದ ಕ್ರೈಸಿಸ್’ ಪುಸ್ತಕದಲ್ಲಿ ತೋರಿಸಿದ್ದರಲ್ಲ, ಬೀದಿ ದರೋಡೆಗೆ ‘ಮಗ್ಗಿಂಗ್’ ಎಂಬ ಹೆಸರು ಅಮೆರಿಕದಿಂದ ಬಂದು, ಹಳೆಯ ಅಪರಾಧಕ್ಕೇ ಹೊಸ ಮುಖ ಕೊಟ್ಟು, ಕಪ್ಪು ಹುಡುಗರ ಮೇಲೆ ಹೇಗೆ ಅಂಟಿಕೊಂಡಿತು ಎಂದು.

ಸುಮಂಗಲಾ ಹೆಗಡೆ

ಗಿಲ್‌ರಾಯ್ ಮಾತಿನಲ್ಲಿ ತೂಕ ಇದೆ. 943ರಲ್ಲಿ ಒಂದು ದರೋಡೆ ಎಂಬ ಅಂಕಿಯೇ ಅವರ ಪರ ಸಾಕ್ಷಿ. ಆದರೆ ಚೇತನ್, ಬ್ರಿಕ್ಸ್‌ಟನ್‌ನ ಕಪ್ಪು ಮುದುಕಿಯ ಚೀಲ ಕಿತ್ತುಕೊಂಡಾಗ ನಾವು ಏನು ಹೇಳುವುದು? ‘ಅದು ಪತ್ರಿಕೆ ಹುಟ್ಟಿಸಿದ ಭಯ’ ಎಂದೇ? ಆಗ ಅವಳ ಜೊತೆ ಮಾತನಾಡಲು ಉಳಿಯುವವರು ‘ಕಠಿಣ ಶಿಕ್ಷೆ ಕೊಡುತ್ತೇವೆ’ ಎನ್ನುವ ರಾಜಕಾರಣಿಗಳು ಮಾತ್ರ. ಯಂಗ್ ಮುಂತಾದವರು ಹೆದರಿದ್ದು ಇದಕ್ಕೇ.

ಹಡಗಿನ ವಿಷಯದಲ್ಲಿ ಸಂಪೂರ್ಣ ಒಪ್ಪುತ್ತೇನೆ. ಆದರೆ ಅವರು ಆ ಬಾಗಿಲನ್ನು ಪೂರ್ತಿ ಮುಚ್ಚಲಿಲ್ಲ. ಇಸ್ಲಿಂಗ್ಟನ್‌ನ ಎರಡನೇ ಸಮೀಕ್ಷೆಯಲ್ಲಿ ವ್ಯಾಪಾರಿ ಅಪರಾಧಗಳ ಬಗ್ಗೆಯೂ ಕೇಳಿದರು. ಫ್ರಾಂಕ್ ಪಿಯರ್ಸ್ ಅದನ್ನು ಬರೆದಿದ್ದಾರೆ.

ಪಟ್ಟಿಯಷ್ಟೇ ಅಲ್ಲ, ಎಣಿಸುವ ರೀತಿಯಲ್ಲೂ ಅಧಿಕಾರ ಇರುತ್ತದೆ. ಇದು ಮಂಜುನಾಥ್ ಸೆಮಿನಾರ್‌ಗೆ ಬೇಕಾಗುತ್ತದೆ. ಬ್ರಿಟಿಷ್ ಕ್ರೈಮ್ ಸರ್ವೆಯಲ್ಲಿ ಒಬ್ಬರಿಗೆ ಒಂದೇ ಥರದ ಅಪರಾಧ ಮತ್ತೆ ಮತ್ತೆ ಆದರೆ ಐದಕ್ಕೆ ನಿಲ್ಲಿಸುತ್ತಿದ್ದರು. ಗಂಡ ವರ್ಷದಲ್ಲಿ 50 ಸಲ ಹೊಡೆದರೂ ಲೆಕ್ಕಕ್ಕೆ ಐದು. ಅಂಕಿ ವರ್ಷದಿಂದ ವರ್ಷಕ್ಕೆ ಹಾರಾಡಬಾರದು ಎಂಬುದು ಕಾರಣ. ಹಾಗೆ ಕತ್ತರಿಸಿದ 45 ಪೆಟ್ಟು ಯಾರ ಮೈಮೇಲೆ ಬಿದ್ದವು? ಹೆಚ್ಚಾಗಿ ಮನೆಯೊಳಗಿನ ಹೆಂಗಸರ ಮೇಲೆ. ಸಮಾಜಶಾಸ್ತ್ರಜ್ಞೆ ಸಿಲ್ವಿಯಾ ವಾಲ್ಬಿ ಮತ್ತು ಜೊತೆಗಾರರು ಈ ಮಿತಿ ತೆಗೆದು ಲೆಕ್ಕ ಹಾಕಿದಾಗ ಹೆಂಗಸರ ಮೇಲಿನ ಹಿಂಸೆಯ ಪಾಲು ಎದ್ದು ಕಂಡಿತು. 2019ರಲ್ಲಿ ಬ್ರಿಟನ್‌ನ ಅಂಕಿಅಂಶ ಕಚೇರಿ ಆ ಐದರ ಮಿತಿಯನ್ನು ಕೈಬಿಟ್ಟಿತು. ಬೇರೆ, ಹೆಚ್ಚು ಸಡಿಲವಾದ ಮಿತಿ ಈಗಲೂ ಇದೆ. ಇಷ್ಟಕ್ಕೆ ಮೂರು ದಶಕಕ್ಕಿಂತ ಹೆಚ್ಚು ಬೇಕಾಯಿತು.

ಚೇತನ್ ಎಂ.

ಈ ಐದರ ಮಿತಿಯ ಉದಾಹರಣೆ ನನ್ನ ವಾದಕ್ಕೂ ಬಲ ಕೊಡುತ್ತದೆ ಮೇಡಂ. ಆದರೆ ಮುದುಕಿಯ ಪ್ರಶ್ನೆಗೆ ಇತಿಹಾಸ ಕೊಟ್ಟ ಉತ್ತರವನ್ನೂ ನೋಡಬೇಕು. ‘ಅಪರಾಧದ ಮೇಲೂ ಕಠಿಣ, ಅದರ ಕಾರಣಗಳ ಮೇಲೂ ಕಠಿಣ’ ಎಂದು 1993ರಲ್ಲಿ ಟೋನಿ ಬ್ಲೇರ್ ಹೇಳಿದಾಗ ಅದು ಲೆಫ್ಟ್ ರಿಯಲಿಸಂನ ಮಾತಿನಂತೆಯೇ ಕೇಳಿತು. ಅವರು ಪ್ರಧಾನಿಯಾದ ಮೇಲೆ 1998ರ ಕಾಯಿದೆಯಿಂದ ಬಂದದ್ದು ಆಸ್ಬೋ. ಬೀದಿಯಲ್ಲಿ ತಂಟೆ ಮಾಡುವ ಹುಡುಗನಿಗೆ ಮೊದಲು ಸಿವಿಲ್ ಆದೇಶ, ಅದನ್ನು ಮುರಿದರೆ ಜೈಲು. ಮೊದಲಿನ ಅರ್ಧ ಕಾಯಿದೆಯಾಯಿತು, ಎರಡನೇ ಅರ್ಧ ಭಾಷಣದಲ್ಲೇ ಉಳಿಯಿತು.

ಸುಮಂಗಲಾ ಹೆಗಡೆ

ಅದಕ್ಕೆ ಯಂಗ್ ಅವರನ್ನು ಹೊಣೆ ಮಾಡುವುದನ್ನು ನಾನು ಒಪ್ಪುವುದಿಲ್ಲ. ಆ ನೀತಿಗಳನ್ನು ಅವರೇ ಮುಂದೆ ಟೀಕಿಸಿದರು. ಆದರೆ ಪೊಲೀಸರನ್ನು ಜನರ ಹಿಡಿತಕ್ಕೆ ತರಬೇಕು ಎಂಬ ಅವರ ಮೂಲ ಬೇಡಿಕೆಯನ್ನು ಯಾವ ಸರ್ಕಾರವೂ ಪೂರ್ತಿ ಎತ್ತಿಕೊಳ್ಳಲಿಲ್ಲ. ಉಳಿದದ್ದನ್ನು ಮಾತ್ರ ಎತ್ತಿಕೊಂಡರು ಎಂಬ ನಿಮ್ಮ ದೂರು ನ್ಯಾಯವಾದದ್ದೇ.

ಫರ್ಹಾನಾ

ಚೇತನ್ ಸರ್ ಹೇಳಿದ್ದು ಓದಿದ ಮೇಲೆ ಒಂದು ಕೇಳಬೇಕು. ನನ್ನ ಮೊಬೈಲ್ ಹೋದದ್ದು ಒಂದು ಸಲ. ಆದರೆ ಹಿಂದಿನ ಕೆಲಸದ ಜಾಗದಲ್ಲಿ ಓಟಿ ಮಾಡಿಸಿಕೊಂಡು ದುಡ್ಡು ಕೊಡದೆ ಇದ್ದದ್ದು ತಿಂಗಳುಗಟ್ಟಲೆ. ಕೂಡಿಸಿದರೆ ಮೊಬೈಲ್‌ಗಿಂತ ಜಾಸ್ತಿ ಆಗುತ್ತದೆ. ಬೈಕಿನ ಹುಡುಗರು ಕಳ್ಳರು, ಇವರು ಏನು? ಸ್ಟೇಷನ್‌ಗೆ ಹೋದರೆ ಲೇಬರ್ ಆಫೀಸಿಗೆ ಹೋಗಿ ಎನ್ನುತ್ತಾರೆ. ಅಲ್ಲಿಗೆ ಹೋಗಲು ಒಂದು ದಿನದ ಸಂಬಳ ಬಿಡಬೇಕು.

ಬಸವರಾಜ್ (ನಿವೃತ್ತ ಎ.ಎಸ್.ಐ.)

ಸಂಬಳದ್ದು ಪೊಲೀಸ್ ಕೇಸು ಆಗುವುದಿಲ್ಲ ತಂಗಿ, ಅದು ಕಾರ್ಮಿಕ ಇಲಾಖೆಯದ್ದು. ಕಾನೂನು ಹಾಗಿದೆ. ನಾನು ಹೇಳಬಹುದಾದದ್ದು ಅಷ್ಟೇ.

ಚೇತನ್ ಎಂ.

ಮಂಜುನಾಥ್, ನಿಮ್ಮ ಸೆಮಿನಾರ್ ಇಲ್ಲೇ ಇದೆ. ಫರ್ಹಾನಾ ಅವರ ಎರಡು ನಷ್ಟ. ಒಂದು ಪಟ್ಟಿಯಲ್ಲಿತ್ತು, ಆದರೆ ಬರೆದುಕೊಳ್ಳಲಿಲ್ಲ. ಇನ್ನೊಂದು ಪೊಲೀಸರ ಪಟ್ಟಿಯಲ್ಲೇ ಇಲ್ಲ. ಮೊದಲನೆಯದನ್ನು ಲೆಫ್ಟ್ ರಿಯಲಿಸಂ ಚೆನ್ನಾಗಿ ಹಿಡಿಯುತ್ತದೆ. ಎರಡನೆಯದಕ್ಕೆ ಪಟ್ಟಿಯನ್ನೇ ಪ್ರಶ್ನಿಸಬೇಕು.

ಮಂಜುನಾಥ್ ಬಿ.

ಎಲ್ಲರಿಗೂ ಧನ್ಯವಾದ. ಫರ್ಹಾನಾ ಅಕ್ಕ, ಹೆಸರು ಹಾಕದೆ ನಿಮ್ಮ ಎರಡೂ ಘಟನೆ ಬಳಸಿಕೊಳ್ಳಬಹುದೇ? ಸುಮಂಗಲಾ ಮೇಡಂ, ನಮ್ಮ ಊರಿನ ಒಂದು ವಾರ್ಡ್‌ನಲ್ಲಿ ಚಿಕ್ಕ ಸಮೀಕ್ಷೆ ಮಾಡೋಣ ಎಂದು ಯೋಚಿಸುತ್ತಿದ್ದೇನೆ. ಕೂಲಿ ಕೊಡದೆ ಮೋಸ ಮಾಡಿದ್ದನ್ನೂ ಪ್ರಶ್ನೆಗಳಲ್ಲಿ ಸೇರಿಸಿದರೆ ಗೈಡ್ ಒಪ್ಪುತ್ತಾರಾ ಗೊತ್ತಿಲ್ಲ.

ಫರ್ಹಾನಾ

ಬಳಸಿಕೊಳ್ಳಿ. ಸ್ಟೇಷನ್ ಹೆಸರೂ ಬೇಡ.

ಸುಮಂಗಲಾ ಹೆಗಡೆ

ಸೇರಿಸಿ. ‘ಅಪರಾಧ’ ಎಂಬ ಪದ ಬಳಸದೆ ಕೇಳಿ. ‘ಕಳೆದ 12 ತಿಂಗಳಲ್ಲಿ ನಿಮಗೆ ಬರಬೇಕಾದ ಹಣ ಯಾರಾದರೂ ಕೊಡದೆ ಇದ್ದಾರಾ’, ‘ನಿಮ್ಮ ಕೈಯಿಂದ ಏನನ್ನಾದರೂ ಕಿತ್ತುಕೊಂಡಿದ್ದಾರಾ’ ಎಂದು ಒಂದರ ಪಕ್ಕ ಒಂದು. ಎಷ್ಟು ಸಲ ಎಂದೂ ಕೇಳಿ, ಹೇಳಿದಷ್ಟನ್ನೂ ಬರೆದುಕೊಳ್ಳಿ. ಹೆಂಗಸರನ್ನು ಕೇಳಲು ಹೆಂಗಸರೇ ಹೋಗಲಿ, ಮನೆಯವರು ಪಕ್ಕದಲ್ಲಿ ಇಲ್ಲದ ಹೊತ್ತಿನಲ್ಲಿ. ಇಲ್ಲದಿದ್ದರೆ ಮನೆಯೊಳಗಿನ ಪೆಟ್ಟು ನಿಮ್ಮ ಹಾಳೆಗೂ ಬರುವುದಿಲ್ಲ. ಪ್ರಶ್ನೆಗಳ ಕರಡು ಆದ ಮೇಲೆ ಇಲ್ಲೇ ಹಾಕಿ, ಚೇತನ್ ಮತ್ತು ನಾನು ಇಬ್ಬರೂ ನೋಡುತ್ತೇವೆ. ಬಸವರಾಜ್ ಸರ್, ಪೊಲೀಸ್ ಭಾಗದ ಪ್ರಶ್ನೆಗಳನ್ನು ನೀವು ನೋಡಿಕೊಟ್ಟರೆ ಒಳ್ಳೆಯದು.